ಬರೀ ಕೆಲಸ ಸಾಲದು, ಅಡ್ಡಿಯೂ ಬೇಕು

ಪ್ರಶ್ನೆ: ನಾಟಕ ಬರೆಯುತ್ತಿದ್ದೇನೆ. ನಾಯಕಿ ಹಟಮಾರಿ, ಆದರೆ ನ್ಯಾಯವಂತೆ. ಯಾರ ಬಾಯಲ್ಲೂ ಹೇಳಿಸದೆ ಮೊದಲ ದೃಶ್ಯದಲ್ಲೇ ಇದನ್ನು ತೋರಿಸುವುದು ಹೇಗೆ?
– ಓದುಗರು, ಹಂಗಳ

ಉತ್ತರ: ಅವಳ ಕೈಗೊಂದು ಕೆಲಸ ಕೊಡಿ. ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ (2015) ಚಿತ್ರದ ಆರಂಭ ನೋಡಿ. ಸೆಂಚುರಿ ಗೌಡ ಬೀದಿಬದಿ ಕೂತು ಹೋಗಿಬರುವವರನ್ನೆಲ್ಲ ಛೇಡಿಸುತ್ತಾನೆ, ಸ್ವಲ್ಪ ಹೊತ್ತಿಗೆ ಕುಸಿದು ಸಾಯುತ್ತಾನೆ. ಅಷ್ಟರಲ್ಲೇ ಆ ಮುದುಕ ನಮಗೆ ಪೂರ್ತಿ ಗೊತ್ತಾಗಿಬಿಟ್ಟಿರುತ್ತಾನೆ.

ನಿಮ್ಮ ಸೀಮೆಯ ಚೆಂಡುಹೂವನ್ನೇ ತೆಗೆದುಕೊಳ್ಳೋಣ. ನಾಯಕಿ ಮೂಟೆಯನ್ನು ತೂಕಕ್ಕೆ ತಂದಿದ್ದಾಳೆ. ಹೂವಲ್ಲಿ ಇಬ್ಬನಿಯ ನೀರಿದೆ ಎಂದು ಏಜೆಂಟ್ ಐದು ಕೆಜಿ ಮುರಿದು ಬರೆಯುತ್ತಾನೆ. ಅವಳು ಕೂಗಾಡುವುದಿಲ್ಲ. ಮೂಟೆ ಬಿಚ್ಚಿ, ಹೂವನ್ನು ಅಲ್ಲೇ ಹರವಿ, ಆರಲಿ ಎಂದು ಕೂತುಬಿಡುತ್ತಾಳೆ. ಹಿಂದಿನ ಸಾಲಿನವರು ಗೊಣಗಿದರೂ ಏಳುವುದಿಲ್ಲ. ಮತ್ತೆ ತೂಗಿಸಿದಾಗ ತೂಕ ಎರಡು ಕೆಜಿ ಇಳಿದಿರುತ್ತದೆ. “ಎರಡು ಕೆಜಿ ನೀರಿತ್ತು, ಒಪ್ಕತೀನಿ. ಮಿಕ್ಕ ಮೂರು ಬರ್ಕೊಳಿ” ಎನ್ನುತ್ತಾಳೆ. ಹರವಿ ಕೂತದ್ದರಲ್ಲಿ ಹಟ ಕಂಡಿತು, ಎರಡು ಕೆಜಿ ಒಪ್ಪಿಕೊಂಡದ್ದರಲ್ಲಿ ನ್ಯಾಯ.

ಏಜೆಂಟ್ ತೂಕ ಮುರಿಯದಿದ್ದರೆ ಇದು ಬರೀ ಹೂ ತೂಗುವ ದೃಶ್ಯ. ನಮಗೆ ಗೊತ್ತಾಗುವುದು ಅವಳ ಕಸುಬು ಮಾತ್ರ. ಅನೇಕರು ಎಡವುವುದು ಇಲ್ಲೇ. ಬರೆದ ಮೇಲೆ ಅವಳ ಜಾಗದಲ್ಲಿ ಅವಳ ತಂಗಿಯನ್ನು ನಿಲ್ಲಿಸಿ ನೋಡಿ. ದೃಶ್ಯ ಹಾಗೇ ನಡೆದುಹೋದರೆ ಅಡ್ಡಿ ಸಾಲದು ಎಂದೇ ಅರ್ಥ. ಇನ್ನೊಂದು ಮಾತು: ಪಕ್ಕದವರು “ಇವಳು ಬಲು ಹಟಮಾರಿ” ಎನ್ನುವ ಸಾಲು ಕರಡಿನಲ್ಲಿದ್ದರೆ ದಯವಿಟ್ಟು ಹೊಡೆದುಹಾಕಿ.