ಆಫೀಸ್ ಲ್ಯಾಪ್‌ಟಾಪ್ ಯಾಕೆ ಬದಲಾಗುತ್ತದೆ?

ಚೆನ್ನಾಗಿಯೇ ಓಡುತ್ತಿರುವ ಲ್ಯಾಪ್‌ಟಾಪ್ ವಾಪಸ್ ಕೊಡಿ ಎಂದು ಐಟಿ ಮ್ಯಾನೇಜರ್ ಮೇಲ್ ಕಳಿಸಿದರೆ ಸಿಬ್ಬಂದಿಗೆ ಕಿರಿಕಿರಿ ಸಹಜ. ಆದರೆ ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದೋ ನಂತರದ್ದೋ ಇರಬೇಕು.

ಸೆಟ್ಟಿಂಗ್ಸ್‌ನಲ್ಲಿ System, ನಂತರ About ತೆರೆದು ನೋಡಿ. i5-7200U ಎಂದಿದ್ದರೆ ಅದು ಏಳನೇ ತಲೆಮಾರು. ಮೊದಲ ಕಂತಿನಲ್ಲೇ ಬದಲಾಗಬೇಕಾದದ್ದು. i5-8250U ಆದರೆ ಎಂಟನೆಯದು, ಸದ್ಯ ಕಾಯಬಹುದು.

ಎಡವಟ್ಟಾಗುವುದು ಡೆಸ್ಕ್‌ಟಾಪ್, ಡೌನ್‌ಲೋಡ್ಸ್‌ನಲ್ಲಿ ಉಳಿದ ಕಡತಗಳಲ್ಲಿ. ಹಳೆಯ ಡಿಸ್ಕ್ ಅಳಿಸಿದ ಮೇಲೆ ಅವು ಸಿಗುವುದಿಲ್ಲ. ಅವನ್ನು ಕಂಪನಿಯ ಸರ್ವರ್‌ಗೆ ಹಾಕಿ, ಹೊಸ ಲ್ಯಾಪ್‌ಟಾಪ್‌ನಲ್ಲಿ ತೆರೆದು ನೋಡಿದ ಮೇಲೆಯೇ ಹಳೆಯದನ್ನು ಒಪ್ಪಿಸಿ.