ನಿಮಗಿದು ಗೊತ್ತೇ? ಫೋಟೊದಲ್ಲಿ ಮಸುಕಾದ ಚುಕ್ಕೆ ಮತ್ತು ಬಫರ್ ದ್ರಾವಣದ ಪಿಎಚ್

ಪಿಯುಸಿ ಮಕ್ಕಳ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ರಸಾಯನಶಾಸ್ತ್ರದ ಪ್ರಶ್ನೆಗಳಲ್ಲಿ ಈ ಬಗೆಯದು ಸಾಮಾನ್ಯ. ಪುಟದ ಫೋಟೊ ತೆಗೆದು ಕಳಿಸಿರುತ್ತಾರೆ. ಅದರಲ್ಲಿರುವುದು ಇಷ್ಟು: 0.30 ಮೊಲಾರ್ ಅಸಿಟಿಕ್ ಆಮ್ಲ ಮತ್ತು 0.20 ಮೊಲಾರ್ ಸೋಡಿಯಂ ಅಸಿಟೇಟ್ ಇರುವ 250 ಮಿ.ಲೀ. ಬಫರ್ ದ್ರಾವಣಕ್ಕೆ 1.0 ಮೊಲಾರ್ ಸೋಡಿಯಂ ಹೈಡ್ರಾಕ್ಸೈಡ್ 10.0 ಮಿ.ಲೀ. ಸೇರಿಸಿದರೆ ಪಿಎಚ್ ಎಷ್ಟಾಗುತ್ತದೆ? Ka = 1.8 × 10⁻⁵.

ಈ ಲೆಕ್ಕದಲ್ಲಿ ಸೂತ್ರ ಬರುವುದು ಎರಡನೆಯದಾಗಿ, ಗೊತ್ತೇ?

ಬಫರ್ ಎಂಬ ಪದ ಕಂಡ ಕೂಡಲೇ ಹೆಂಡರ್ಸನ್–ಹ್ಯಾಸೆಲ್‌ಬಾಲ್ಕ್ ಸಮೀಕರಣಕ್ಕೆ ಕೈ ಹಾಕುವವರೇ ಹೆಚ್ಚು. ಆದರೆ ಸುರಿದ ಪ್ರಬಲ ಪ್ರತ್ಯಾಮ್ಲ ಸುಮ್ಮನೆ ಕೂರುವುದಿಲ್ಲ. ದುರ್ಬಲ ಆಮ್ಲ ಇರುವಷ್ಟು ಹೊತ್ತೂ ಅದರೊಡನೆ ಹೆಚ್ಚುಕಡಿಮೆ ಪೂರ್ತಿಯಾಗಿ ವರ್ತಿಸಿಬಿಡುತ್ತದೆ:

CH₃COOH + OH⁻ → CH₃COO⁻ + H₂O

ಈ ವರ್ತನೆಯ ಲೆಕ್ಕ ಮೊದಲು ಮುಗಿಯಬೇಕು, ಅದೂ ಮೋಲ್‌ಗಳಲ್ಲಿ. ಮಿ.ಲೀ.ಯನ್ನು ಮೊಲಾರಿಟಿಯಿಂದ ಗುಣಿಸಿದರೆ ನೇರವಾಗಿ ಮಿಲಿಮೋಲ್ ಸಿಗುತ್ತದೆ. ಆಮ್ಲ 250 × 0.30 = 75, ಅಸಿಟೇಟ್ 250 × 0.20 = 50, ಹೈಡ್ರಾಕ್ಸೈಡ್ 10 × 1.0 = 10. ಹತ್ತು ಮಿಲಿಮೋಲ್ ಹೈಡ್ರಾಕ್ಸೈಡ್ ಹತ್ತು ಮಿಲಿಮೋಲ್ ಆಮ್ಲವನ್ನು ತಿಂದು, ಅಷ್ಟೇ ಅಸಿಟೇಟನ್ನು ಹುಟ್ಟಿಸುತ್ತದೆ. ಉಳಿದ ಆಮ್ಲ 65, ಈಗಿನ ಅಸಿಟೇಟ್ 60. ಸೂತ್ರಕ್ಕೆ ಜಾಗ ಇಲ್ಲಿ:

pH = pKa + log([A⁻]/[HA]) = 4.745 + log(60/65) = 4.71

ಸೇರಿಸುವ ಮೊದಲು ಇದ್ದದ್ದು 4.745 + log(50/75), ಅಂದರೆ 4.57. ಏರಿದ್ದು 0.14 ಮಾತ್ರ. ಅದೇ ಹತ್ತು ಮಿ.ಲೀ.ಯನ್ನು 250 ಮಿ.ಲೀ. ಶುದ್ಧ ನೀರಿಗೆ ಸುರಿದಿದ್ದರೆ ಪಿಎಚ್ 7ರಿಂದ ಸುಮಾರು 12.6ಕ್ಕೆ ಜಿಗಿಯುತ್ತಿತ್ತು.

250 ಮಿ.ಲೀ. 260 ಆದದ್ದು ಉತ್ತರದಲ್ಲಿ ಏಕೆ ಕಾಣುವುದಿಲ್ಲ?

ಆಮ್ಲವೂ ಅಸಿಟೇಟೂ ಇರುವುದು ಒಂದೇ ಪಾತ್ರೆಯಲ್ಲಿ. ಎರಡನ್ನೂ 260ರಿಂದ ಭಾಗಿಸಿದರೆ ಅನುಪಾತದಲ್ಲಿ 260 ಹೊಡೆದುಹೋಗುತ್ತದೆ. ಹಾಗಾಗಿ ಮಿಲಿಮೋಲ್‌ಗಳನ್ನೇ ಸೂತ್ರಕ್ಕೆ ಹಾಕಿದರೆ ತಪ್ಪಿಲ್ಲ. ಆದರೆ ಗಾತ್ರವನ್ನು ಪೂರ್ತಿ ಮರೆಯುವಂತೆಯೂ ಇಲ್ಲ. ಅದು ಬೇಕಾಗುವ ಸಂದರ್ಭ ಮುಂದೆ ಬರುತ್ತದೆ.

ತಪ್ಪು ಉತ್ತರ ತಾನಾಗಿಯೇ ಸಿಕ್ಕಿಬೀಳುತ್ತದೆ, ಗೊತ್ತೇ?

ಹತ್ತನ್ನು ಆಮ್ಲಕ್ಕೆ ಕೂಡಿಸಿ ಅಸಿಟೇಟ್‌ನಿಂದ ಕಳೆದರೆ ಅನುಪಾತ 40/85, ಪಿಎಚ್ 4.42. ಇದ್ದದ್ದು 4.57. ಪ್ರತ್ಯಾಮ್ಲ ಸೇರಿಸಿದ ಮೇಲೆ ಪಿಎಚ್ ಇಳಿಯಲು ಸಾಧ್ಯವೇ ಇಲ್ಲ, ಆದ್ದರಿಂದ ಈ ತಪ್ಪು ಕಣ್ಣಿಗೆ ಹೊಡೆಯುತ್ತದೆ.

ಅನುಪಾತವನ್ನೇ ತಲೆಕೆಳಗು ಮಾಡುವ ತಪ್ಪು ಇದಕ್ಕಿಂತ ಜಾಣತನದ್ದು. 65/60 ಎಂದು ಬರೆದರೆ 4.78 ಬರುತ್ತದೆ. 4.57ಕ್ಕಿಂತ ಹೆಚ್ಚೇ ಇದೆಯಲ್ಲ ಎಂದು ಮೊದಲ ಪರೀಕ್ಷೆಯಲ್ಲಿ ಪಾರಾಗಿಬಿಡುತ್ತದೆ. ಇದನ್ನು ಹಿಡಿಯಲು ಎರಡನೇ ಪರೀಕ್ಷೆ ಬೇಕು: ಅಸಿಟೇಟ್‌ಗಿಂತ ಆಮ್ಲ ಹೆಚ್ಚಿದ್ದರೆ ಪಿಎಚ್, ಪಿಕೆಎಗಿಂತ ಕೆಳಗೇ ಇರಬೇಕು. ಇಲ್ಲಿ 65ರ ಮುಂದೆ 60. ಹಾಗಾದರೆ ಉತ್ತರ 4.745 ದಾಟಬಾರದು, 4.78 ತಪ್ಪು. ಈ ಎರಡು ಪರೀಕ್ಷೆಗೂ ಕ್ಯಾಲ್ಕುಲೇಟರ್ ಬೇಡ.

ಈ ಸಮೀಕರಣದ ಹುಟ್ಟು ರಕ್ತದ ಅಧ್ಯಯನದಲ್ಲಿ, ಗೊತ್ತೇ?

ಹಾರ್ವರ್ಡ್‌ನ ಲಾರೆನ್ಸ್ ಹೆಂಡರ್ಸನ್ 1908ರಲ್ಲಿ ಬೈಕಾರ್ಬನೇಟ್ ಮತ್ತು ಕಾರ್ಬಾನಿಕ್ ಆಮ್ಲಗಳ ಸಂಬಂಧವನ್ನು ಬರೆದಾಗ ಪಿಎಚ್ ಎಂಬ ಮಾಪಕವೇ ಇರಲಿಲ್ಲ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್‌ಸನ್ ಅದನ್ನು ತಂದದ್ದು 1909ರಲ್ಲಿ. ಡೆನ್ಮಾರ್ಕಿನವರೇ ಆದ ಹ್ಯಾಸೆಲ್‌ಬಾಲ್ಕ್ ಆಮೇಲೆ ಹೆಂಡರ್ಸನ್ ಬರೆದ ಸಂಬಂಧಕ್ಕೆ ಲಾಗರಿದಮ್ ರೂಪ ಕೊಟ್ಟರು.

ಒಂದು ಚುಕ್ಕೆ ಬಫರನ್ನೇ ಮುಗಿಸಬಲ್ಲದು, ಗೊತ್ತೇ?

ಈಗ ಫೋಟೊಗೆ ಬರೋಣ. ಬೆಳಕು ಬಿದ್ದು ಹೊಳೆದ ಕಾಗದದಲ್ಲಿ, ಅಥವಾ ಕೈ ಅಲುಗಿದ ಫೋಟೊದಲ್ಲಿ, ಸುಲಭವಾಗಿ ಮಾಯವಾಗುವುದು ದಶಮಾಂಶ ಬಿಂದು. ಸೋಡಿಯಂ ಹೈಡ್ರಾಕ್ಸೈಡ್‌ನ 1.0 ಎಂಬುದನ್ನು ಒಬ್ಬರು 0.10 ಎಂದು ಓದಿದರು ಎನ್ನಿ. ಹೈಡ್ರಾಕ್ಸೈಡ್ ಒಂದೇ ಮಿಲಿಮೋಲ್, ಅನುಪಾತ 51/74, ಪಿಎಚ್ 4.58. ತಪ್ಪು ಓದು, ಆದರೆ ಉತ್ತರ ನಂಬುವಂತಿದೆ. ಮೇಲಿನ ಎರಡೂ ಪರೀಕ್ಷೆಗಳಲ್ಲಿ ಅದು ತೇರ್ಗಡೆಯಾಗುತ್ತದೆ. ಅದಕ್ಕೇ ನನಗೆ ಈ ತಪ್ಪು ಉಳಿದವಕ್ಕಿಂತ ಅಪಾಯಕಾರಿ ಎನಿಸುತ್ತದೆ. ಲೆಕ್ಕದ ಒಳಗಿನಿಂದ ಇದನ್ನು ಹಿಡಿಯುವ ದಾರಿಯಿಲ್ಲ, ಮೂಲ ಪುಟವನ್ನೇ ನೋಡಬೇಕು.

ಇನ್ನೊಬ್ಬರು ಅದನ್ನೇ 10 ಎಂದು ಓದಿದರು. ಈಗ ಹೈಡ್ರಾಕ್ಸೈಡ್ 100 ಮಿಲಿಮೋಲ್, ಆಮ್ಲ ಇರುವುದು 75. ಕಳೆದರೆ ಆಮ್ಲ ಋಣ 25! ಸೂತ್ರಕ್ಕೆ ಹಾಕಿದರೆ ಋಣಸಂಖ್ಯೆಯ ಲಾಗ್ ಕೇಳಿದಂತಾಗಿ ಕ್ಯಾಲ್ಕುಲೇಟರ್ ದೋಷ ತೋರಿಸುತ್ತದೆ. ಆಮ್ಲವೆಲ್ಲ ತೀರಿಹೋಗಿದೆ, ಅದು ಇನ್ನು ಬಫರ್ ಅಲ್ಲ ಎಂಬುದೇ ಅದರ ಅರ್ಥ. ಆಗ ಮಿಕ್ಕ 25 ಮಿಲಿಮೋಲ್ ಹೈಡ್ರಾಕ್ಸೈಡೇ ಪಿಎಚ್ ನಿರ್ಧರಿಸುತ್ತದೆ. ಮೊದಲು ಹೊಡೆದುಹೋಗಿದ್ದ 260 ಮಿ.ಲೀ. ಬೇಕಾಗುವುದು ಇಲ್ಲಿ: 25/260 = 0.096 ಮೊಲಾರ್, ಪಿಒಎಚ್ 1.02, ಪಿಎಚ್ 12.98. ಒಂದೇ ಚುಕ್ಕೆಯ ಮೂರು ಓದು: 4.58, 4.71, 12.98.

ಗಡಿ ಇರುವುದು ಸರಿಯಾಗಿ 75 ಮಿಲಿಮೋಲ್‌ನಲ್ಲಿ. ಆ ಹಂತದಲ್ಲಿ ಆಮ್ಲವೂ ಇಲ್ಲ, ಮಿಕ್ಕ ಹೈಡ್ರಾಕ್ಸೈಡೂ ಇಲ್ಲ, ಇರುವುದು 125 ಮಿಲಿಮೋಲ್ ಅಸಿಟೇಟ್ ಮಾತ್ರ. ಆದರೂ ಪಿಎಚ್ 7 ಅಲ್ಲ. ಅಸಿಟೇಟ್ ನೀರಿನಿಂದ ಒಂದಿಷ್ಟು ಪ್ರೋಟಾನ್ ಕಸಿದು ಹೈಡ್ರಾಕ್ಸೈಡ್ ಬಿಡುಗಡೆ ಮಾಡುತ್ತದೆ. ಗಾತ್ರ 260 ಮಿ.ಲೀ. ಎಂದೇ ಹಿಡಿದರೆ ಪಿಎಚ್ ಸುಮಾರು 9.2 ಬರುತ್ತದೆ. ಗಡಿಗೆ ತೀರಾ ಹತ್ತಿರವಾದಂತೆ ಸೂತ್ರದ ಮೇಲೆ ಭರವಸೆ ಇಡಲಾಗದು. ಅನುಪಾತ 0.1ರಿಂದ 10ರ ಒಳಗಿದ್ದಾಗಲಷ್ಟೇ ಬಫರ್ ನೆಚ್ಚಬಹುದಾದದ್ದು ಎಂಬುದು ರೂಢಿಯ ನಿಯಮ.

ಚುಕ್ಕೆ ಕಾಣದಿದ್ದರೆ ಅಕ್ಕಪಕ್ಕದ ಅಂಕಿಗಳೇ ಹೇಳುತ್ತವೆ, ಗೊತ್ತೇ?

ಪ್ರಶ್ನೆ ಬರೆದವರು 0.30, 0.20, 10.0 ಎಂದು ಕೊನೆಯ ಸೊನ್ನೆಯನ್ನೂ ಬಿಡದೆ ಬರೆದಿದ್ದಾರೆ. ಅಂಥವರು ಬರಿಯ 10 ಎನ್ನುವುದಕ್ಕಿಂತ 1.0 ಎನ್ನುವ ಸಾಧ್ಯತೆಯೇ ಹೆಚ್ಚು. ಫೋಟೊವನ್ನು ಹಿಗ್ಗಿಸಿದರೆ 1 ಮತ್ತು 0 ನಡುವಿನ ಅಂತರ ಉಳಿದ ಅಂಕಿಗಳ ಅಂತರಕ್ಕಿಂತ ಅಗಲವಾಗಿ ಕಾಣಬಹುದು, ಅದೂ ಒಂದು ಸುಳಿವು. ಎಡ ಅಂಚು ಕತ್ತರಿಸಿಹೋಗಿದ್ದರೆ ಮಾತ್ರ ಊಹೆಗೆ ಇಳಿಯದೆ ಮತ್ತೊಂದು ಫೋಟೊ ಕೇಳುವುದು ವಾಸಿ.

ಘಾತಾಂಕದ ಮೇಲೂ ಕಣ್ಣಿಡಿ. ಮೇಲೆ ಸಣ್ಣದಾಗಿ ಅಚ್ಚಾದ −5 ಮಸುಕಾಗಿ −6ರಂತೆ ಕಂಡರೆ ಉತ್ತರ ನೇರವಾಗಿ ಒಂದು ಘಟಕ ಮೇಲೇರಿ 5.71 ಆಗುತ್ತದೆ. ಇಲ್ಲಿ ಪಾರುಮಾಡುವುದು ನೆನಪು: ಅಸಿಟಿಕ್ ಆಮ್ಲದ ಪಿಕೆಎ 4.75ರ ಆಸುಪಾಸು. ಆಮ್ಲವೂ ಅಸಿಟೇಟೂ ಹೆಚ್ಚುಕಡಿಮೆ ಸಮನಾಗಿರುವ ಬಫರ್‌ನಲ್ಲಿ 5.71 ಬಂದರೆ ಲೆಕ್ಕ ತಿದ್ದುವ ಮೊದಲು ಆ ಘಾತಾಂಕವನ್ನೇ ಮತ್ತೊಮ್ಮೆ ಓದಬೇಕು.