ತಣಿಯದ ಹಸಿವು

1997ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ನಗರದ ವೈದ್ಯವಿಜ್ಞಾನಿಗಳು ಇಬ್ಬರು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಒಬ್ಬಳು ಎಂಟು ವರ್ಷದ ಹುಡುಗಿ. ಅವಳ ತೂಕ 86 ಕಿಲೋಗ್ರಾಂ. ಇನ್ನೊಬ್ಬ ಅವಳ ಬಂಧುವೇ ಆದ ಎರಡು ವರ್ಷದ ಹುಡುಗ. ಅವನ ತೂಕ 29 ಕಿಲೋಗ್ರಾಂ. ಎರಡು ವರ್ಷದ ಮಗು ಸಾಮಾನ್ಯವಾಗಿ 12 ಕಿಲೋಗ್ರಾಮಿನ ಆಸುಪಾಸಿನಲ್ಲಿ ತೂಗುತ್ತದೆಂಬುದನ್ನು ನೆನೆದರೆ ಈ ಅಂಕಿಗಳ ಅರ್ಥ ತಿಳಿಯುವುದು. ಹುಟ್ಟಿದಾಗ ಇಬ್ಬರ ತೂಕವೂ ಎಲ್ಲ ಶಿಶುಗಳಂತೆಯೇ ಇದ್ದಿತು. ಕೆಲವೇ ತಿಂಗಳಲ್ಲಿ ಮೈ ಬೆಳೆಯತೊಡಗಿತು; ಅದರ ಜೊತೆಗೆ ಹಸಿವೂ ಬೆಳೆಯಿತು. ಉಂಡೆದ್ದ ಮರುಗಳಿಗೆಯೇ ಮತ್ತೆ ಅನ್ನಕ್ಕಾಗಿ ಅಳು; ಕೊಡದಿದ್ದರೆ ರಂಪ.

ಇಂತಹ ಮಗುವನ್ನು ಕಂಡ ನೆರೆಹೊರೆಯವರು ಏನೆನ್ನುವರೆಂಬುದನ್ನು ಊಹಿಸುವುದು ಕಷ್ಟವಲ್ಲ. ತಾಯಿಯೇ ಮುದ್ದಿನಿಂದ ತಿನ್ನಿಸಿ ಕೆಡಿಸಿದಳೆಂಬ ಮಾತು ಎಲ್ಲ ದೇಶಗಳಲ್ಲಿಯೂ ಒಂದೇ. ಬ್ರಿಟನ್ನಿನಲ್ಲಿ ಇದು ಮಾತಿನಲ್ಲಿಯೇ ನಿಲ್ಲಲಿಲ್ಲ. ಅನುವಂಶೀಯ ದೋಷದಿಂದ ಬೊಜ್ಜು ಬಂದಿದ್ದ ಕೆಲವು ಮಕ್ಕಳನ್ನು, ತಂದೆತಾಯಿಗಳು ಬೇಕೆಂದೇ ಅತಿಯಾಗಿ ಉಣಿಸುತ್ತಿದ್ದಾರೆಂದು ಭಾವಿಸಿ, ಅಪಾಯದಲ್ಲಿರುವ ಮಕ್ಕಳ ಸರ್ಕಾರಿ ಪಟ್ಟಿಗೆ ಸೇರಿಸಿದ್ದುದು 2009ರಲ್ಲಿ ಬೆಳಕಿಗೆ ಬಂದಿತು. ದೋಷವು ಪತ್ತೆಯಾದ ಮೇಲೆಯೇ ಅವರ ಹೆಸರುಗಳನ್ನು ಅಲ್ಲಿಂದ ತೆಗೆದುದು. ಆದುದರಿಂದ ಈ ವಿಷಯದಲ್ಲಿ ಪರೀಕ್ಷೆಯೆಂಬುದು ಕೇವಲ ಕುತೂಹಲದ ಮಾತಲ್ಲ.

ಆ ಇಬ್ಬರು ಮಕ್ಕಳಲ್ಲಿ ಕೆಟ್ಟಿದ್ದುದು ಏನು? ಅದನ್ನು ತಿಳಿಯಲು ಒಂದು ಇಲಿಯ ಕಥೆಯನ್ನು ಹೇಳಬೇಕಾಗುತ್ತದೆ. ಅಮೆರಿಕದ ಬಾರ್ ಹಾರ್ಬರ್ ಎಂಬಲ್ಲಿನ ಜಾಕ್ಸನ್ ಪ್ರಯೋಗಾಲಯದಲ್ಲಿ ತಿಂದಷ್ಟೂ ತೃಪ್ತಿಯಿಲ್ಲದೆ ಊದಿಕೊಳ್ಳುವ ಇಲಿಗಳು ತಾವಾಗಿಯೇ ಹುಟ್ಟಿದುವು; 1950ರಲ್ಲಿ ಅವುಗಳ ವರದಿ ಹೊರಬಿದ್ದಿತು. ಯಾವ ಜೀನು ಕೆಟ್ಟುದರಿಂದ ಹೀಗಾಯಿತೆಂಬುದನ್ನು 1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಮತ್ತು ಅವರ ಸಂಗಡಿಗರು ಕಂಡುಹಿಡಿದರು. ಆ ಜೀನು ತಯಾರಿಸುವ ಹಾರ್ಮೋನಿಗೆ ಲೆಪ್ಟಿನ್ ಎಂದು ಹೆಸರಾಯಿತು; ಗ್ರೀಕ್ ಭಾಷೆಯಲ್ಲಿ ಲೆಪ್ಟೋಸ್ ಎಂದರೆ ತೆಳ್ಳಗಿರುವುದು.

ಲೆಪ್ಟಿನ್ನನ್ನು ತಯಾರಿಸುವುದು ನಮ್ಮ ಮೈಯ ಕೊಬ್ಬಿನ ಕೋಶಗಳೇ. ಕೊಬ್ಬು ಹೆಚ್ಚಾದಂತೆ ರಕ್ತದಲ್ಲಿ ಲೆಪ್ಟಿನ್ ಹೆಚ್ಚುತ್ತದೆ. ಅದು ಮಿದುಳಿನ ತಳಭಾಗದಲ್ಲಿರುವ ಹೈಪೊಥಲಾಮಸನ್ನು ಮುಟ್ಟಿ, ಕಣಜದಲ್ಲಿ ದಾಸ್ತಾನು ಎಷ್ಟಿದೆಯೆಂಬುದನ್ನು ತಿಳಿಸುತ್ತದೆ. ಅಲ್ಲಿಯ ನರಕೋಶಗಳು ಆ ಸುದ್ದಿಯನ್ನು ಮುಂದಿನ ಕೋಶಗಳಿಗೆ ದಾಟಿಸಿ ಹಸಿವನ್ನು ತಗ್ಗಿಸುತ್ತವೆ. ಲೆಪ್ಟಿನ್ ಇಲ್ಲವೇ ಇಲ್ಲವೆನ್ನೋಣ. ಆಗ ಕಣಜ ತುಂಬಿ ತುಳುಕುತ್ತಿದ್ದರೂ ಮಿದುಳು ಬರಗಾಲವೆಂದೇ ಬಗೆಯುವುದು. ಊಟವನ್ನು ಬಯಸುತ್ತಲೇ ಇರುವುದು. ಬರಗಾಲದಲ್ಲಿ ಸಂತಾನ ಬೇಡವೆಂಬಂತೆ ಪ್ರಾಯಕ್ಕೆ ಬರುವುದೂ ತಡೆಯುತ್ತದೆ. ಈ ಮಗುವಿನ ಹಸಿವು ಚಾಪಲ್ಯವಲ್ಲ, ನಿಜವಾದ ಹಸಿವು.

ಕೇಂಬ್ರಿಜ್‌ನ ಮಕ್ಕಳ ರಕ್ತದಲ್ಲಿ, ಅಷ್ಟೊಂದು ಕೊಬ್ಬಿದ್ದರೂ, ಲೆಪ್ಟಿನ್ ಅತ್ಯಲ್ಪವಾಗಿತ್ತು. ಅವರ ಲೆಪ್ಟಿನ್ ಜೀನಿನಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿದ್ದಿತು. ಒಂದಕ್ಷರದಿಂದ ಇಷ್ಟು ಅನರ್ಥವೇ ಎಂದು ವಾಚಕರು ಕೇಳಬಹುದು. ಜೀವಕೋಶವು ಜೀನನ್ನು ಮೂರು ಮೂರು ಅಕ್ಷರಗಳ ಗುಂಪಾಗಿ ಓದುತ್ತದೆ. ಪ್ರತಿ ಗುಂಪಿಗೂ ಪ್ರೋಟೀನಿನಲ್ಲಿ ಒಂದು ಅಮೈನೋ ಆಮ್ಲ. 'ಕಮಲ ಕೊಳದ ನಡುವೆ ಅರಳಿ' ಎಂಬುದನ್ನು ಹಾಗೆ ಓದೋಣ. ನಡುವಿನ 'ಳ' ಬಿದ್ದುಹೋದರೆ, ಮೂರು ಮೂರಾಗಿಯೇ ಓದುವವನ ಬಾಯಲ್ಲಿ ಅದು 'ಕಮಲ ಕೊದನ ಡುವೆಅ ರಳಿ' ಎಂದಾಗುವುದು. ಲೋಪದ ಹಿಂದಿನದು ಸರಿ, ಮುಂದಿನದೆಲ್ಲ ಅಸಂಬದ್ಧ. ಆ ಮಕ್ಕಳ ಜೀನಿನಲ್ಲಿ 133ನೆಯ ಗುಂಪಿನಲ್ಲಿ ಹೀಗಾಗಿ, ಪ್ರೋಟೀನು ಪೂರ್ಣವಾಗುವ ಮೊದಲೇ ಮುಗಿದು, ಕೋಶದಿಂದ ಹೊರಬರಲೇ ಇಲ್ಲ.

ಪ್ರತಿಯೊಬ್ಬರಲ್ಲೂ ಈ ಜೀನಿನ ಎರಡು ಪ್ರತಿಗಳಿವೆ, ತಾಯಿಯದೊಂದು, ತಂದೆಯದೊಂದು. ಒಂದು ಸರಿಯಿದ್ದರೆ ಈ ರೋಗ ಬಾರದು. ತಂದೆತಾಯಿಗಳಿಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿಯಿದ್ದರೆ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಸಂಭವವುಂಟು. ಆ ಕುಟುಂಬವು ಪಾಕಿಸ್ತಾನದ ಮೂಲದ್ದು. ಬಂಧುಗಳೊಳಗೇ ವಿವಾಹದ ಪದ್ಧತಿ ಅವರಲ್ಲಿದ್ದಿತು. ಸೋದರಮಾವನನ್ನೋ ಅತ್ತೆಯ ಮಗನನ್ನೋ ವರಿಸುವ ಪದ್ಧತಿ ನಮ್ಮ ನಾಡಿಗೂ ಹೊಸತಲ್ಲವಷ್ಟೆ.

ಇನ್ನು ಚಿಕಿತ್ಸೆ. ಹುಡುಗಿಗೆ ಒಂಬತ್ತು ವರ್ಷವಾದಾಗ ತೂಕ 94 ಕಿಲೋಗ್ರಾಂ ದಾಟಿತ್ತು. ಆಗ ದಿನಕ್ಕೊಮ್ಮೆ, ಪ್ರಯೋಗಾಲಯದಲ್ಲಿ ತಯಾರಾದ ಲೆಪ್ಟಿನ್ನನ್ನು ಚರ್ಮದಡಿಗೆ ಚುಚ್ಚತೊಡಗಿದರು. ಒಂದು ವರ್ಷದಲ್ಲಿ 16 ಕಿಲೋಗ್ರಾಂ ಇಳಿಯಿತು. ಇಳಿದುದು ಬಹುಮಟ್ಟಿಗೆ ಕೊಬ್ಬೇ. ಅವಳ ಊಟ ತಾನಾಗಿಯೇ ಕಡಮೆಯಾಯಿತು. 1999ರಲ್ಲಿ ಇದು ಪ್ರಕಟವಾದಾಗ, ಸ್ಥೂಲಕಾಯರೆಲ್ಲರಿಗೂ ಮದ್ದು ದೊರೆಯಿತೆಂಬ ಆಸೆ ಹಲವರಲ್ಲಿ ಮೊಳೆತದ್ದು ಸಹಜ. ಆದರೆ ಸಾಮಾನ್ಯ ಬೊಜ್ಜಿನವರ ರಕ್ತದಲ್ಲಿ ಲೆಪ್ಟಿನ್ ಆಗಲೇ ಧಾರಾಳವಾಗಿರುತ್ತದೆ. ಕೇಳಿಸಿಕೊಳ್ಳದವನ ಬಳಿ ಕೂಗನ್ನು ಹೆಚ್ಚಿಸಿ ಪ್ರಯೋಜನವೇನು?

ಹಾಗಾದರೆ ದಪ್ಪಗಿರುವ ಮಕ್ಕಳನ್ನೆಲ್ಲ ಪರೀಕ್ಷಿಸಬೇಕೆ? ಬೇಡ. ಐದು ವರ್ಷ ತುಂಬುವ ಮೊದಲೇ ತೀವ್ರವಾದ ಬೊಜ್ಜು, ಅದರೊಡನೆ ತಣಿಯದ ಹಸಿವು ಅಥವಾ ಮನೆತನದಲ್ಲಿ ಅಂಥದೇ ತೀವ್ರ ಬೊಜ್ಜು ಕಂಡರೆ ಜೀನುಗಳ ಪರೀಕ್ಷೆಯನ್ನು ಯೋಚಿಸಬೇಕೆಂದು 2017ರ ಒಂದು ವೈದ್ಯಕೀಯ ಮಾರ್ಗದರ್ಶಿ ಹೇಳಿತು. ವೈದ್ಯರು ಮೊದಲು ಬೇಡುವುದು ಹುಟ್ಟಿನಿಂದ ಬರೆದಿಟ್ಟ ತೂಕ ಮತ್ತು ಎತ್ತರದ ಲೆಕ್ಕ. ಇದು ಅಗ್ಗದ ಸಾಧನ, ಆದರೆ ಬಹಳ ಹೇಳುತ್ತದೆ. ತೂಕ ಏರುತ್ತಿದ್ದು ಎತ್ತರ ಕುಂಠಿತವಾಗಿದ್ದರೆ ಥೈರಾಯ್ಡ್ ಮೊದಲಾದ ಗ್ರಂಥಿಗಳ ಮೇಲೆ, ಇಲ್ಲವೇ ಮಗುವಿಗೆ ಕೊಡುತ್ತಿರುವ ಸ್ಟೀರಾಯ್ಡ್ ಔಷಧಿಯ ಮೇಲೆ ಸಂದೇಹ ಹೋಗುತ್ತದೆ. ಶೈಶವದಲ್ಲಿ ಮೈ ಜೋತು, ಮೊಲೆಯುಣ್ಣಲೂ ಶಕ್ತಿಯಿಲ್ಲದಿದ್ದ ಮಗು ಕೆಲವು ವರ್ಷಗಳ ಬಳಿಕ ಅತಿಯಾಗಿ ತಿನ್ನತೊಡಗಿದರೆ ಅದು ಪ್ರೇಡರ್-ವಿಲ್ಲಿ ಎಂಬ ಬೇರೆಯ ರೋಗವಿರಬಹುದು. ಅದಕ್ಕೆ ಬೇರೆಯೇ ಪರೀಕ್ಷೆ ಬೇಕು. ಜೀನುಗಳ ಅಕ್ಷರಗಳನ್ನು ಮಾತ್ರ ಓದಿದರೆ ಅದು ಸಾಮಾನ್ಯವಾಗಿ ಕಣ್ಣಿಗೆ ಬೀಳದು.

ಇವೆಲ್ಲ ಕಳೆದ ಮೇಲೆ ರಕ್ತದ ಲೆಪ್ಟಿನ್ನನ್ನು ಅಳೆಯುತ್ತಾರೆ. ಜೊತೆಗೆ ಹಸಿವಿನ ಸರಪಣಿಯ ಹಲವು ಜೀನುಗಳನ್ನು ಒಟ್ಟಿಗೇ ಓದಿಸುತ್ತಾರೆ. ಸರಪಣಿಯ ಕೊನೆಯ ಕೊಂಡಿಗಳಲ್ಲಿ ಒಂದಾದ ಎಂಸಿ4ಆರ್ ಎಂಬ ಗ್ರಾಹಕದ ದೋಷವೇ ಇವುಗಳಲ್ಲಿ ಹೆಚ್ಚು ಕಾಣುವಂಥದು. 2003ರ ಕೇಂಬ್ರಿಜ್ ಅಧ್ಯಯನದಲ್ಲಿ, ಬಾಲ್ಯದಲ್ಲೇ ತೀವ್ರ ಬೊಜ್ಜು ಬಂದ 500 ಜನರಲ್ಲಿ ನೂರಕ್ಕೆ ಸುಮಾರು ಆರು ಮಂದಿಯಲ್ಲಿ ಅದಿದ್ದಿತು. ಇದಕ್ಕೆ ಒಂದೇ ಪ್ರತಿ ಕೆಟ್ಟರೂ ಸಾಕು. ಸರಪಣಿಯ ಮೇಲಿನ ಕೆಲವು ಕೊಂಡಿಗಳು ಕಡಿದಿರುವ ರೋಗಿಗಳಿಗೆ, ಆ ಕೊನೆಯ ಗ್ರಾಹಕವನ್ನು ನೇರವಾಗಿ ತಟ್ಟುವ ಸೆಟ್‌ಮೆಲನೋಟೈಡ್ ಎಂಬ ಔಷಧಿಗೆ 2020ರಲ್ಲಿ ಅಮೆರಿಕ ಅನುಮತಿ ನೀಡಿತು. ಯಾವ ಕೊಂಡಿಯೆಂದು ತಿಳಿಯದೆ ಇದನ್ನು ಕೊಡಲಾಗದು.

ಪರೀಕ್ಷೆಗೂ ಮಿತಿಗಳಿವೆ. ತೀವ್ರವಾಗಿ ಬೊಜ್ಜು ಬೆಳೆದ ಬಹುಪಾಲು ಮಕ್ಕಳಲ್ಲಿ ಇಂತಹುದೇ ಜೀನೆಂದು ಬೆರಳಿಟ್ಟು ತೋರಿಸಲು ಇಂದಿಗೂ ಆಗುತ್ತಿಲ್ಲ. ಕೆಲವೊಮ್ಮೆ ಒಂದು ವ್ಯತ್ಯಾಸ ಕಂಡರೂ ಅದು ದೋಷವೋ ನಿರಪಾಯವೋ ತಿಳಿಯದು. ಆಗ ತಂದೆತಾಯಿಗಳ ರಕ್ತವನ್ನೂ ನೋಡಬೇಕಾಗುತ್ತದೆ. ಸಂಖ್ಯೆಯೇ ಮೋಸ ಮಾಡುವುದೂ ಉಂಟು. 2015ರಲ್ಲಿ ವರದಿಯಾದ ಒಬ್ಬ ಪುಟ್ಟ ಹುಡುಗನ ರಕ್ತದಲ್ಲಿ ಲೆಪ್ಟಿನ್ ಹೇರಳವಾಗಿತ್ತು. ಲೆಪ್ಟಿನ್ ಕೊರತೆಯಿಲ್ಲವೆಂದು ಅಲ್ಲಿಗೇ ಬಿಡಬಹುದಾಗಿತ್ತು. ವೈದ್ಯರು ಬಿಡದೆ ಜೀನನ್ನು ಓದಿಸಿದಾಗ, ಪ್ರೋಟೀನಿನ ನೂರನೆಯ ಅಮೈನೋ ಆಮ್ಲ ಬದಲಾಗಿರುವುದು ಕಂಡಿತು. ಆ ಲೆಪ್ಟಿನ್ ಗ್ರಾಹಕಕ್ಕೆ ಅಂಟಿಕೊಳ್ಳುತ್ತಲೇ ಇರಲಿಲ್ಲ. ಅಳತೆಗೆ ಮಾತ್ರ ಸಿಕ್ಕುತ್ತಿತ್ತು. ಸರಿಯಾದ ಲೆಪ್ಟಿನ್ನನ್ನು ಚುಚ್ಚಿದ ಮೇಲೆ ಅವನ ಹಸಿವು ತಗ್ಗಿ, ತೂಕವೂ ಇಳಿಯಿತು.